ಪಟ್ಟಿಯಲ್ಲಿ ಯುಗಾದಿ ಇರದ ವರ್ಷ

2025ರ ಕರ್ನಾಟಕ ಸರ್ಕಾರದ ರಜಾ ಪಟ್ಟಿಯಲ್ಲಿ ಯುಗಾದಿ ಇರಲಿಲ್ಲ. ಗಣರಾಜ್ಯೋತ್ಸವವೂ ಇರಲಿಲ್ಲ. ಮೊಹರಂ, ಮಹಾಲಯ ಅಮಾವಾಸ್ಯೆ, ಕನಕದಾಸ ಜಯಂತಿ ಇವೂ ಇರಲಿಲ್ಲ. ಪಟ್ಟಿಯನ್ನು ಮೊದಲ ಸಲ ನೋಡಿದವರಿಗೆ ಸರ್ಕಾರ ಈ ರಜೆಗಳನ್ನೆಲ್ಲ ತೆಗೆದುಹಾಕಿದೆ ಎನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಯಾವ ರಜೆಯನ್ನೂ ತೆಗೆದಿರಲಿಲ್ಲ. ಆ ವರ್ಷ ಜನವರಿ 26, ಮಾರ್ಚ್ 30, ಜುಲೈ 6, ಸೆಪ್ಟೆಂಬರ್ 21 ಈ ನಾಲ್ಕೂ ಭಾನುವಾರ, ನವೆಂಬರ್ 8 ಎರಡನೇ ಶನಿವಾರ. ಹೇಗೂ ಕಚೇರಿ ಮುಚ್ಚಿರುವ ದಿನಕ್ಕೆ ಬಿದ್ದ ಹಬ್ಬವನ್ನು ಪಟ್ಟಿಯಲ್ಲಿ ಸೇರಿಸುವುದಿಲ್ಲ. ಹೀಗೆ ಬಿಟ್ಟ ದಿನಗಳು ಯಾವುವು ಎಂಬುದು ಅದೇ ಆದೇಶದ ಟಿಪ್ಪಣಿಯಲ್ಲಿ ಇರುತ್ತದೆ. ಮೊಬೈಲಿನಲ್ಲಿ ಹರಿದಾಡುವ ಚಿತ್ರದಲ್ಲಿ ಮಾತ್ರ ಆ ಟಿಪ್ಪಣಿ ಕತ್ತರಿಸಿಹೋಗಿರುತ್ತದೆ. ಅದಕ್ಕೇ ಮೂಲ ಆದೇಶವನ್ನು ಎಲ್ಲಿ ಹುಡುಕಬೇಕು, ಹೇಗೆ ಓದಬೇಕು ಎಂಬುದು ಗೊತ್ತಿದ್ದರೆ ಒಳ್ಳೆಯದು.

ಕರ್ನಾಟಕದಲ್ಲಿ ಈ ಆದೇಶ ಹೊರಡಿಸುವುದು ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ. ಸರ್ಕಾರಿ ಕಾಗದದಲ್ಲಿ ಅದರ ಹೆಸರು ‘ಸಿಆಸುಇ’ ಎಂದು ಚಿಕ್ಕದಾಗಿರುತ್ತದೆ. ಮುಂದಿನ ವರ್ಷದ ಕರಡು ಪಟ್ಟಿ ಸಚಿವ ಸಂಪುಟದ ಮುಂದೆ ಹೋಗಿ, ಒಪ್ಪಿಗೆ ಸಿಕ್ಕ ಮೇಲೆ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಅಧಿಸೂಚನೆಯಾಗುತ್ತದೆ. ಅದು ಕರ್ನಾಟಕ ರಾಜ್ಯಪತ್ರದಲ್ಲಿ ಅಚ್ಚಾಗುತ್ತದೆ. ರಾಜ್ಯಪತ್ರ ಈಗ erajyapatra.karnataka.gov.in ತಾಣದಲ್ಲಿ ಸಿಗುತ್ತದೆ. ಇಲಾಖೆಯ ಸ್ವಂತ ತಾಣ dpar.karnataka.gov.in. ಕೈಗೆ ಸಿಕ್ಕ ಪ್ರತಿಯ ಮೇಲೆ ಅಧಿಸೂಚನೆಯ ಸಂಖ್ಯೆ, ದಿನಾಂಕ, ರಾಜ್ಯಪಾಲರ ಹೆಸರಿನಲ್ಲಿ ಹೊರಡಿಸಿದ್ದೆಂಬ ಸಾಲು, ಅಧಿಕಾರಿಯ ಸಹಿ ಇವಿಷ್ಟೂ ಇವೆಯೇ ನೋಡಿ. ಬರೀ ಹಬ್ಬ, ವಾರ, ತಾರೀಕು ಇರುವ ಬಣ್ಣದ ಹಾಳೆಯನ್ನು ನಂಬಿ ರೈಲು ಟಿಕೆಟ್ ಕಾಯ್ದಿರಿಸಬೇಡಿ. ಗೋಡೆಯ ಕ್ಯಾಲೆಂಡರಿನ ಕೆಂಪು ಅಂಕಿಯ ಮೇಲೂ ಪೂರ್ತಿ ಭರವಸೆ ಇಡಲಾಗದು. ಎಷ್ಟೋ ಕ್ಯಾಲೆಂಡರುಗಳು ಅಧಿಸೂಚನೆ ಹೊರಬೀಳುವ ಮುನ್ನವೇ ಅಚ್ಚಿಗೆ ಹೋಗಿರುತ್ತವೆ.

ಅಧಿಸೂಚನೆಯಲ್ಲಿ ಎರಡು ಪಟ್ಟಿ ಇರುತ್ತವೆ. ಮೊದಲನೆಯದು ಸಾರ್ವತ್ರಿಕ ರಜೆ. ಅಂದು ರಾಜ್ಯ ಸರ್ಕಾರದ ಕಚೇರಿಗಳು ಮುಚ್ಚಿರುತ್ತವೆ. 2025ರಲ್ಲಿ ಇಂಥ ದಿನಗಳು 19. ಎರಡನೆಯದು ಪರಿಮಿತ ರಜೆ, ಅಂದರೆ ನೌಕರರು ತಮಗೆ ಬೇಕಾದ ಎರಡು ದಿನಗಳನ್ನು ಮೊದಲೇ ಅನುಮತಿ ಪಡೆದು ಆರಿಸಿಕೊಳ್ಳುವ ಪಟ್ಟಿ. ಆ ದಿನ ಕಚೇರಿ ತೆರೆದೇ ಇರುತ್ತದೆ. ಜನ ಹೆಚ್ಚು ಎಡವುವುದು ಇಲ್ಲಿಯೇ. ವರಮಹಾಲಕ್ಷ್ಮಿ ವ್ರತ ನಮ್ಮ ಮನೆಗಳಲ್ಲಿ ಎಷ್ಟೇ ದೊಡ್ಡ ಹಬ್ಬವಾದರೂ ಅದು ಇರುವುದು ಎರಡನೇ ಪಟ್ಟಿಯಲ್ಲಿ. ಸ್ವರ್ಣಗೌರಿ ವ್ರತವೂ ಅಲ್ಲೇ. ಗಣೇಶ ಚತುರ್ಥಿ ಮೊದಲ ಪಟ್ಟಿಯಲ್ಲಿದೆ. ಹಾಗಾಗಿ ಗೌರಿ ಹಬ್ಬದ ದಿನ ತಾಲ್ಲೂಕು ಕಚೇರಿಯ ಬಾಗಿಲು ತೆರೆದಿರುತ್ತದೆ, ಆದರೆ ನಿಮ್ಮ ಕಡತ ನೋಡುವ ಗುಮಾಸ್ತೆ ಪರಿಮಿತ ರಜೆ ಹಾಕಿರಬಹುದು.

ಶನಿವಾರದ ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡೋಣ. 2025ರ ನವೆಂಬರ್ ಮೊದಲ ಎರಡು ವಾರಗಳಲ್ಲಿ ಒಬ್ಬರಿಗೆ ತಾಲ್ಲೂಕು ಕಚೇರಿಯಲ್ಲಿ ಕೆಲಸವಿತ್ತು ಎಂದುಕೊಳ್ಳಿ. ನವೆಂಬರ್ 1 ಶನಿವಾರ, ಕನ್ನಡ ರಾಜ್ಯೋತ್ಸವ. ಅದು ಮೊದಲನೇ ಶನಿವಾರವಾದ್ದರಿಂದ ಕೆಲಸದ ದಿನವಾಗಬೇಕಿತ್ತು, ಅದಕ್ಕೇ ರಾಜ್ಯೋತ್ಸವ ಪಟ್ಟಿಯಲ್ಲಿದೆ. ನವೆಂಬರ್ 8 ಕೂಡ ಶನಿವಾರ, ಕನಕದಾಸ ಜಯಂತಿ. ಅದು ಎರಡನೇ ಶನಿವಾರ, ಆದ್ದರಿಂದ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿ ಒಂದು ಇದೆ, ಇನ್ನೊಂದು ಇಲ್ಲ, ಕಚೇರಿ ಮಾತ್ರ ಎರಡೂ ದಿನ ಬಂದ್. ನಾಲ್ಕನೇ ಶನಿವಾರವೂ ಹೀಗೆಯೇ. ರಾಜ್ಯದ ಕಚೇರಿಗಳಿಗೆ ಆ ರಜೆ ಬಂದದ್ದು 2019ರಲ್ಲಿ, ಅದಕ್ಕೆ ಬದಲಾಗಿ ನೌಕರರ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿಯಿತು. ಹೀಗಾಗಿ ಪಟ್ಟಿ ಓದುವಾಗ ಪಕ್ಕದಲ್ಲಿ ಒಂದು ಕ್ಯಾಲೆಂಡರ್ ಇಟ್ಟುಕೊಂಡು ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರಗಳನ್ನು ಮೊದಲು ಗುರುತು ಮಾಡಿ, ಆಮೇಲೆ ಪಟ್ಟಿಯ ದಿನಗಳನ್ನು ಅದರ ಮೇಲೆ ಸೇರಿಸಬೇಕು.

ಟಿಪ್ಪಣಿಗಳಲ್ಲಿ ಇನ್ನೆರಡು ಸಂಗತಿ ಸಿಗುತ್ತವೆ. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಈ ಮೂರಕ್ಕೆ ಕೊಡಗು ಜಿಲ್ಲೆಗೆ ಮಾತ್ರ ರಜೆ. ಹುತ್ತರಿಯಂದು ಮಡಿಕೇರಿಯ ಸರ್ಕಾರಿ ಕಚೇರಿ ಮುಚ್ಚಿದ್ದರೆ ಪಕ್ಕದ ಮೈಸೂರಿನದು ತೆರೆದಿರುತ್ತದೆ. ಇನ್ನೊಂದು, ಚಂದ್ರದರ್ಶನದ ಮೇಲೆ ನಿಲ್ಲುವ ಮುಸ್ಲಿಂ ಹಬ್ಬಗಳ ವಿಚಾರ. ಹಬ್ಬ ಪಟ್ಟಿಯ ತಾರೀಕಿಗೆ ಬೀಳದಿದ್ದರೆ ಮುಸ್ಲಿಂ ನೌಕರರಿಗೆ ಹಬ್ಬದ ದಿನವೇ ರಜೆ ಕೊಡಬಹುದು ಎಂದು ಆದೇಶದಲ್ಲೇ ಇರುತ್ತದೆ. ರಂಜಾನ್, ಬಕ್ರೀದ್ ಹತ್ತಿರವಾದಾಗ ಹಿಂದಿನ ದಿನಗಳ ಪತ್ರಿಕೆ ನೋಡುವುದು ಒಳ್ಳೆಯದು.

ಇಷ್ಟೆಲ್ಲ ರಾಜ್ಯ ಸರ್ಕಾರದ ಕಚೇರಿಗಳ ಮಾತಾಯಿತು. ಬ್ಯಾಂಕಿನ ರಜೆಗೆ ಆಧಾರವೇ ಬೇರೆ. ಅದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 25ನೇ ಕಲಮಿನಡಿ ಘೋಷಣೆಯಾಗುತ್ತದೆ. ರಿಸರ್ವ್ ಬ್ಯಾಂಕಿನ ತಾಣದಲ್ಲಿ Bank Holidays ಎಂಬ ಪುಟವಿದೆ. ಅಲ್ಲಿ ರಾಜ್ಯದ ಹೆಸರಿಲ್ಲ, ರಿಸರ್ವ್ ಬ್ಯಾಂಕಿನ ಪ್ರಾದೇಶಿಕ ಕಚೇರಿಗಳಿರುವ ಊರುಗಳ ಹೆಸರಿದೆ. ಕರ್ನಾಟಕಕ್ಕೆ ಬೆಂಗಳೂರನ್ನು ಆರಿಸಬೇಕು. ಲೆಕ್ಕ ಮುಗಿಸುವ ಏಪ್ರಿಲ್ 1ರಂಥ ದಿನ ಅಲ್ಲಿ ಕಾಣುತ್ತದೆ, ಸರ್ಕಾರಿ ಕಚೇರಿಗಳ ಪಟ್ಟಿಯಲ್ಲಿ ಇರುವುದಿಲ್ಲ.

ಕಾರ್ಖಾನೆ, ಖಾಸಗಿ ಕಂಪನಿಯಲ್ಲಿ ದುಡಿಯುವವರಿಗಂತೂ ಸರ್ಕಾರದ ಪಟ್ಟಿ ಬರೀ ತಿಳಿವಳಿಕೆಗೆ. ಅವರ ಹಕ್ಕು ಇರುವುದು 1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯಲ್ಲಿ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಡ್ಡಾಯ, ಅದರ ಜೊತೆಗೆ ಐದು ಹಬ್ಬದ ರಜೆ. ಯಾವ ಐದು ಎಂಬುದು ಆಯಾ ಸಂಸ್ಥೆಯ ಪಟ್ಟಿಯಲ್ಲಿರುತ್ತದೆ, ಅದನ್ನು ಕೆಲಸದ ಜಾಗದಲ್ಲೇ ಕೇಳಬೇಕು. ಹೈಕೋರ್ಟ್ ತನ್ನದೇ ಕ್ಯಾಲೆಂಡರ್ ಹೊರಡಿಸುತ್ತದೆ. ಕೇಂದ್ರ ಸರ್ಕಾರದ ಕಚೇರಿಗಳಿಗೂ ಬೇರೆ ಆದೇಶವಿದೆ.

ಬೇರೆ ರಾಜ್ಯದ ಪಟ್ಟಿ ಬೇಕಾದವರು ಅಲ್ಲಿ ಈ ಕೆಲಸ ಯಾವ ಇಲಾಖೆಯದು ಎಂದು ಮೊದಲು ತಿಳಿದುಕೊಳ್ಳಬೇಕು. ಕೇರಳ, ಮಹಾರಾಷ್ಟ್ರ, ತೆಲಂಗಾಣಗಳಲ್ಲಿ ಅದು ಸಾಮಾನ್ಯ ಆಡಳಿತ ಇಲಾಖೆ. ಹೀಗಾಗಿ ಕಾಸರಗೋಡಿನ ಕನ್ನಡದ ಮನೆಗೆ ಸಂಬಂಧಿಸಿದ್ದು ತಿರುವನಂತಪುರದ ಆದೇಶ, ಸೊಲ್ಲಾಪುರದ ಮನೆಗೆ ಮುಂಬೈಯದು. ಕಾಸರಗೋಡಿನಿಂದ ಮಂಗಳೂರಿಗೆ ಬಂದು ಕೆಲಸ ಮಾಡುವವರು ಎರಡೂ ಪಟ್ಟಿ ಇಟ್ಟುಕೊಳ್ಳುವುದು ಅನಿವಾರ್ಯ. ಓಣಂಗೆ ಊರಿನ ಕಚೇರಿ ಮುಚ್ಚಿದ್ದರೂ ಮಂಗಳೂರಿನಲ್ಲಿ ಹಾಜರಿ ಹಾಕಲೇಬೇಕು.

ಇಷ್ಟಾದ ಮೇಲೂ ನವೆಂಬರಿನ ಪಟ್ಟಿ ವರ್ಷವಿಡೀ ಹಾಗೆಯೇ ಉಳಿಯುವುದಿಲ್ಲ. 2024ರ ಡಿಸೆಂಬರ್ 10ರಂದು ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ತೀರಿಕೊಂಡಾಗ ಮರುದಿನಕ್ಕೆ ರಜೆ ಘೋಷಣೆಯಾಯಿತು. ಅದೇ ವರ್ಷದ ಲೋಕಸಭೆ ಚುನಾವಣೆ ರಾಜ್ಯದಲ್ಲಿ ಏಪ್ರಿಲ್ 26 ಮತ್ತು ಮೇ 7ರಂದು ಎರಡು ಹಂತದಲ್ಲಿ ನಡೆಯಿತು, ಆಯಾ ಕ್ಷೇತ್ರಕ್ಕೆ ಆಯಾ ದಿನ ರಜೆ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಶಾಲೆಗಳಿಗೆ ರಜೆ ಕೊಡುವುದು ಜಿಲ್ಲಾಧಿಕಾರಿ. ಆ ಆದೇಶ ಬೆಳಿಗ್ಗೆಯೋ ಹಿಂದಿನ ರಾತ್ರಿಯೋ ಬರುತ್ತದೆ, ಕೆಲವೊಮ್ಮೆ ಒಂದೆರಡು ತಾಲ್ಲೂಕಿಗಷ್ಟೇ ಅನ್ವಯಿಸುತ್ತದೆ. ಶಾಲೆಗಳ ದಸರಾ, ಬೇಸಿಗೆ ರಜೆಯನ್ನು ಸಿಆಸುಇ ಪಟ್ಟಿಯಲ್ಲಿ ಹುಡುಕಿ ಪ್ರಯೋಜನವಿಲ್ಲ, ಅದು ಶಾಲಾ ಶಿಕ್ಷಣ ಇಲಾಖೆಯ ವೇಳಾಪಟ್ಟಿಯಲ್ಲಿದೆ. ಅದೂ ಬದಲಾಗಬಲ್ಲದು. 2025ರಲ್ಲಿ ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ದಸರಾ ರಜೆಯನ್ನು ಶಿಕ್ಷಕರು ಸಮೀಕ್ಷೆಯಲ್ಲಿ ತೊಡಗಿದ್ದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 18ರವರೆಗೆ ವಿಸ್ತರಿಸಲಾಯಿತು. ಅದೇ ಬೀದಿಯ ಅನುದಾನರಹಿತ ಶಾಲೆಗೆ ಆ ವಿಸ್ತರಣೆ ಅನ್ವಯಿಸಲಿಲ್ಲ.