ಮೂರು ಸೆಕೆಂಡಿನ ಮೊದಲ ಮಾತು

ಅಡುಗೆಯನ್ನು ಹೊಸದಾಗಿ ಕಲಿಯುವವರಿಗಾಗಿ ಕಿರು ವಿಡಿಯೋಗಳನ್ನು ಮಾಡಿ ಯೂಟ್ಯೂಬಿಗೆ ಏರಿಸುವ ಅಭ್ಯಾಸವು ಈಗ ಅನೇಕ ಮನೆಗಳಲ್ಲಿ ಕಂಡುಬರುತ್ತಿದೆ. ತಾಯಿಯು ಅಡುಗೆ ಮಾಡುತ್ತಾಳೆ, ಮಗನೋ ಮಗಳೋ ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಾರೆ. ಅಡುಗೆ ಚೆನ್ನಾಗಿಯೇ ಇರುತ್ತದೆ. ಆದರೂ ನೋಡುವವರು ಬೆರಳಿನಿಂದ ಪರದೆಯನ್ನು ಮೇಲಕ್ಕೆ ಸರಿಸಿ ಮುಂದಿನ ವಿಡಿಯೋಗೆ ಹೋಗಿಬಿಡುತ್ತಾರೆ. ಇದಕ್ಕೆ ಕಾರಣವು ಬಹುಮಟ್ಟಿಗೆ ಮೊದಲ ಮೂರು ಸೆಕೆಂಡುಗಳಲ್ಲಿ ಆಡುವ ಮಾತಿನಲ್ಲಿ ಅಡಗಿರುತ್ತದೆ. ಆ ಒಂದು ವಾಕ್ಯವನ್ನು ರಚಿಸುವ ಕ್ರಮವನ್ನು ನೀರುದೋಸೆಯ ಉದಾಹರಣೆಯಿಂದ ಇಲ್ಲಿ ವಿವರಿಸಲಾಗಿದೆ.

ಮೊದಲು ಕಾಲದ ಅಳತೆಯನ್ನು ತಿಳಿಯೋಣ. ಅವಸರವಿಲ್ಲದೆ ಸ್ಪಷ್ಟವಾಗಿ ಮಾತನಾಡಿದರೆ ಒಂದು ಸೆಕೆಂಡಿಗೆ ಸುಮಾರು 5 ಅಥವಾ 6 ಅಕ್ಷರಗಳು ಹೊರಡುತ್ತವೆ. ಒತ್ತಕ್ಷರವನ್ನೂ ಒಂದೇ ಅಕ್ಷರವೆಂದು ಎಣಿಸಬೇಕು. ಹಾಗಾದರೆ ಮೂರು ಸೆಕೆಂಡಿಗೆ ದೊರೆಯುವುದು 15ರಿಂದ 18 ಅಕ್ಷರ ಮಾತ್ರ. ಈಗ ನಾವು ಪದೇಪದೇ ಕೇಳುವ ಆರಂಭವನ್ನು ಎಣಿಸಿ ನೋಡಿರಿ: "ಎಲ್ಲರಿಗೂ ನಮಸ್ಕಾರ, ನಮ್ಮ ಅಡುಗೆಮನೆಗೆ ಸ್ವಾಗತ." ಇದರಲ್ಲಿ 19 ಅಕ್ಷರಗಳಿವೆ. ಎಂದರೆ ತಿಂಡಿಯ ಹೆಸರು ಕೂಡ ಬರುವ ಮೊದಲೇ ಮೂರು ಸೆಕೆಂಡುಗಳು ಮುಗಿದವು. ಮನೆಗೆ ಬಂದ ಅತಿಥಿಗೆ ಸ್ವಾಗತ ಹೇಳುವುದು ನಮ್ಮ ಸಂಪ್ರದಾಯ, ನಿಜ. ಆದರೆ ಇಲ್ಲಿ ಪ್ರೇಕ್ಷಕನು ಇನ್ನೂ ಒಳಗೆ ಬಂದಿಲ್ಲ, ದಾರಿಯಲ್ಲಿ ನಡೆದು ಹೋಗುತ್ತಿದ್ದಾನೆ. ಅವನನ್ನು ನಿಲ್ಲಿಸಬೇಕಾದರೆ ಅವನಿಗೆ ಸಂಬಂಧಪಟ್ಟ ಮಾತನ್ನೇ ಆಡಬೇಕು.

ಹಾಗಾದರೆ ಯಾವ ಮಾತು ಅವನಿಗೆ ಸಂಬಂಧಪಟ್ಟದ್ದು? "ನೀರುದೋಸೆ ಮಾಡುವ ಸುಲಭ ವಿಧಾನ" ಎಂದರೆ 13 ಅಕ್ಷರ, ಕಾಲದ ಮಿತಿಯೊಳಗೇ ಇದೆ. ಆದರೆ ಅದು ಪಾಠದ ಶೀರ್ಷಿಕೆಯಂತೆ ಇದೆಯೇ ಹೊರತು ಯಾರನ್ನೂ ಉದ್ದೇಶಿಸಿ ಆಡಿದ ಮಾತಲ್ಲ. "ಈ ಒಂದು ಗುಟ್ಟು ತಿಳಿದರೆ ಸಾಕು" ಎಂಬುದು ಕುತೂಹಲವನ್ನು ಕೆರಳಿಸುತ್ತದೆ. ಆದರೆ ಯಾವ ತಿಂಡಿಯ ಗುಟ್ಟು, ಅದರಿಂದ ಆಗುವುದೇನು ಎಂದು ತಿಳಿಯದ ಕಾರಣ ಅನೇಕರು ಅದನ್ನು ನಂಬುವುದಿಲ್ಲ. ಹೊಸದಾಗಿ ಅಡುಗೆ ಕಲಿಯುವವನು ಹುಡುಕುವುದು ನಿನ್ನೆ ತನ್ನ ಒಲೆಯ ಮೇಲೆ ಕೆಟ್ಟುಹೋದುದಕ್ಕೆ ಕಾರಣವನ್ನು. ಆದುದರಿಂದ ಆ ಕೆಟ್ಟುಹೋದದ್ದನ್ನೇ ಹೆಸರಿಸಬೇಕು.

"ನೀರುದೋಸೆ ಕಾವಲಿಗೆ ಅಂಟುತ್ತದೆಯೇ?" ಎಂದು ಕೇಳಬಹುದು. ಇದು ಹಿಂದಿನ ಎರಡಕ್ಕಿಂತ ಮೇಲು. ಆದರೂ ಇದರಲ್ಲಿ ಒಂದು ತೊಡಕಿದೆ. ದೋಸೆ ಅಂಟಲು ಕಾವಲಿ ಸಾಕಷ್ಟು ಕಾಯದಿರುವುದು, ಕಾವಲಿ ಪಳಗದಿರುವುದು ಮುಂತಾದ ಹಲವು ಕಾರಣಗಳಿವೆ. ಒಂದು ನಿಮಿಷದ ವಿಡಿಯೋದಲ್ಲಿ ಅವೆಲ್ಲವನ್ನೂ ತೋರಿಸಲಾಗದು. ಪ್ರಶ್ನೆ ದೊಡ್ಡದಾಗಿ, ಉತ್ತರ ಚಿಕ್ಕದಾದರೆ ನೋಡಿದವನಿಗೆ ಮೋಸಹೋದಂತಾಗುತ್ತದೆ. ಒಂದೇ ಕಾರಣವಿರುವ, ಒಂದೇ ಕೆಲಸದಿಂದ ಸರಿಹೋಗುವ ದೋಷವನ್ನು ಆರಿಸಿಕೊಳ್ಳುವುದು ಉತ್ತಮ.

ನೀರುದೋಸೆಯಲ್ಲಿ ಅಂಥದೊಂದು ದೋಷವಿದೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದು, ಮಜ್ಜಿಗೆಯಷ್ಟು ತೆಳ್ಳಗೆ ನೀರು ಬೆರೆಸಿ, ಹುಳಿಬರಿಸದೆ ಎರೆಯುವ ದೋಸೆ ಇದು. ಅಕ್ಕಿಯ ಹಿಟ್ಟು ತಣ್ಣೀರಿನಲ್ಲಿ ಕರಗುವುದಿಲ್ಲ. ಪಾತ್ರೆಯನ್ನು ಸುಮ್ಮನೆ ಇಟ್ಟರೆ ತಳಕ್ಕೆ ಇಳಿಯುತ್ತದೆ. ಕಲಕದೆ ಮೇಲಿನಿಂದಲೇ ಸೌಟಿನಲ್ಲಿ ತೆಗೆಯುತ್ತ ಹೋದರೆ ಮೊದಲ ದೋಸೆಗಳಿಗೆ ನೀರು ಹೆಚ್ಚಾಗಿ ಹೋಗಿ, ಕೊನೆಯವಕ್ಕೆ ಗಟ್ಟಿ ಹಿಟ್ಟು ಉಳಿಯುತ್ತದೆ. ಹೊಸಬರು ಇದನ್ನು ಅರಿಯದೆ ಅಕ್ಕಿಯನ್ನು ದೂರುತ್ತಾರೆ. ಈಗ ನಮ್ಮ ವಾಕ್ಯ ಸಿದ್ಧವಾಯಿತು: "ಕೊನೆಯ ನೀರುದೋಸೆ ದಪ್ಪ ಬರುತ್ತದೆಯೇ?" ಇದರಲ್ಲಿ 14 ಅಕ್ಷರಗಳಿವೆ. ಈ ಅನುಭವವಾದವನು ತನ್ನನ್ನೇ ಕೇಳಿದಂತೆ ನಿಲ್ಲುತ್ತಾನೆ. ನೀರುದೋಸೆಯನ್ನೇ ಮಾಡದವನು ಮುಂದಕ್ಕೆ ಹೋಗುತ್ತಾನೆ. ಅವನು ಹೋಗುವುದರಿಂದ ನಷ್ಟವಿಲ್ಲ.

ವಾಕ್ಯದ ಜೋಡಣೆಯನ್ನೂ ಗಮನಿಸಬೇಕು. ಕನ್ನಡದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಅದು ಬರುವವರೆಗೆ ಅರ್ಥವು ಪೂರ್ತಿಯಾಗುವುದಿಲ್ಲ. ಆದುದರಿಂದ ನಡುವೆ ವಿಶೇಷಣಗಳನ್ನು ತುಂಬಿದರೆ ಕೇಳುವವನು ಕ್ರಿಯಾಪದದವರೆಗೆ ಕಾಯುವುದಿಲ್ಲ. ತಿಂಡಿಯ ಹೆಸರು ಆದಿಯಲ್ಲಿಯೇ ಬರಲಿ, ಕ್ರಿಯಾಪದ ಬೇಗನೆ ಬರಲಿ. ಬರೆಯುವಾಗ "ಬರುತ್ತದೆಯೇ" ಎಂದಿದ್ದರೂ ಹೇಳುವಾಗ ನಮ್ಮ ಕಡೆಯ ಮನೆಮಾತಿನಂತೆ "ಬರ್ತದಾ" ಎಂದರೆ ಸಹಜವಾಗಿರುತ್ತದೆ. ಎರಡು ಅಕ್ಷರಗಳೂ ಉಳಿಯುತ್ತವೆ. ಗ್ರಾಂಥಿಕ ಭಾಷೆಗೆ ಈ ಲೇಖನದಲ್ಲಿ ಸ್ಥಾನವಿದೆ, ಅಡುಗೆಮನೆಯ ಮಾತಿನಲ್ಲಿ ಅದು ಬೇಡ.

ಮಾತಿನ ಜೊತೆಗೆ ಚಿತ್ರವೂ ಅದನ್ನೇ ಹೇಳಬೇಕು. ಮಾತು ಆರಂಭವಾಗುವ ಕ್ಷಣದಲ್ಲಿಯೇ ತೆಳ್ಳನೆಯ ದೋಸೆಯೊಂದು, ದಪ್ಪನೆಯದೊಂದು ಪಕ್ಕಪಕ್ಕದಲ್ಲಿ ಕಾಣಲಿ. ಅನೇಕರು ಧ್ವನಿಯನ್ನು ನಿಲ್ಲಿಸಿಯೇ ನೋಡುವುದರಿಂದ "ಕೊನೆಯ ದೋಸೆ ದಪ್ಪ?" ಎಂಬಷ್ಟನ್ನು ದೊಡ್ಡ ಅಕ್ಷರಗಳಲ್ಲಿ ಪರದೆಯ ಮೇಲೆ ಬರೆಯಬೇಕು. ಆ ಬರಹವು ಮಧ್ಯಕ್ಕಿಂತ ಸ್ವಲ್ಪ ಮೇಲಿರಲಿ. ಕೆಳಭಾಗವನ್ನು ವಿಡಿಯೋದ ಹೆಸರೂ ಬಲಬದಿಯನ್ನು ಗುಂಡಿಗಳೂ ಮುಚ್ಚುತ್ತವೆ.

ಪ್ರಶ್ನೆ ಕೇಳಿದ ಮೇಲೆ ಉತ್ತರವನ್ನು ತಡಮಾಡಬಾರದು. "ಅಕ್ಕಿ ತಳಕ್ಕೆ ಇಳಿದಿದೆ, ನೋಡಿ" ಎನ್ನುತ್ತ ಸೌಟಿನಿಂದ ತಳದ ಗಟ್ಟಿ ಹಿಟ್ಟನ್ನು ಎತ್ತಿ ತೋರಿಸಿರಿ. ಪ್ರತಿ ದೋಸೆ ಎರೆಯುವ ಮೊದಲು ತಳದಿಂದ ಕಲಕಬೇಕೆಂದೂ, ಅಷ್ಟರ ಮೇಲೂ ಗಟ್ಟಿಯೆನಿಸಿದರೆ ಸ್ವಲ್ಪ ನೀರು ಸೇರಿಸಬೇಕೆಂದೂ ಹೇಳಿರಿ. ಸಾಮಗ್ರಿಗಳ ಪಟ್ಟಿ, ನೆನೆಸುವ ವಿಧಾನ ಇವು ಅನಂತರ ಬರಲಿ.

ವಿಡಿಯೋವನ್ನು ಏರಿಸುವ ಮೊದಲು ಒಂದು ಪರೀಕ್ಷೆ ಮಾಡಬಹುದು. ಅದನ್ನು ಹಿಂದೆ ನೋಡಿರದ ಒಬ್ಬರಿಗೆ ಮೊದಲ ಮೂರು ಸೆಕೆಂಡನ್ನಷ್ಟೇ, ಧ್ವನಿಯಿಲ್ಲದೆ ತೋರಿಸಿ, "ಮುಂದೆ ಏನನ್ನು ತೋರಿಸಬಹುದು?" ಎಂದು ಕೇಳಿರಿ. "ದೋಸೆ ಮಾಡುವುದನ್ನು" ಎಂದರೆ ವಾಕ್ಯವನ್ನಾಗಲಿ ಚಿತ್ರವನ್ನಾಗಲಿ ತಿದ್ದಬೇಕು. "ದಪ್ಪ ಯಾಕಾಯಿತು ಎಂದು ಹೇಳಬಹುದು" ಎಂದರೆ ಸರಿಯಾಗಿದೆ.

ಏರಿಸಿದ ಮೇಲೆ ವೀಕ್ಷಣೆಗಳ ಸಂಖ್ಯೆಯೊಂದನ್ನೇ ನೋಡಿ ತೀರ್ಮಾನಿಸಬಾರದು. 2025ರ ಮಾರ್ಚ್ 31ರಿಂದ ಯೂಟ್ಯೂಬಿನ ಕಿರು ವಿಡಿಯೋಗಳಲ್ಲಿ ಚಿತ್ರವು ಓಡತೊಡಗಿದೊಡನೆಯೇ ಒಂದು ವೀಕ್ಷಣೆಯೆಂದು ಎಣಿಸುತ್ತಾರೆ. ತಕ್ಷಣ ಸರಿಸಿ ಹೋದವನೂ ಆ ಲೆಕ್ಕದಲ್ಲಿ ಸೇರುತ್ತಾನೆ. ಎಷ್ಟು ಮಂದಿ ನಿಂತು ನೋಡಿದರು, ಯಾವ ಸೆಕೆಂಡಿನಲ್ಲಿ ಎಷ್ಟು ಮಂದಿ ಹೊರಟುಹೋದರು ಎಂಬುದನ್ನು ತಿಳಿಸುವ ನಕ್ಷೆಯು ಯೂಟ್ಯೂಬ್ ಸ್ಟುಡಿಯೋದಲ್ಲಿ ದೊರೆಯುತ್ತದೆ. ಅದರ ಗೆರೆಯು ಮೊದಲ ಮೂರು ಸೆಕೆಂಡಿನಲ್ಲಿಯೇ ಕಡಿದಾಗಿ ಇಳಿದಿದ್ದರೆ ದೋಷವು ಆರಂಭದ ಮಾತಿನಲ್ಲಿ ಅಥವಾ ಚಿತ್ರದಲ್ಲಿದೆ. ಅಲ್ಲಿ ನಿಂತು, ಐದಾರನೆಯ ಸೆಕೆಂಡಿನಲ್ಲಿ ಇಳಿದಿದ್ದರೆ ಮಾತು ಕೆಲಸ ಮಾಡಿದೆ, ಉತ್ತರ ತಡವಾಗಿದೆ. ಹತ್ತಿಪ್ಪತ್ತು ಮಂದಿ ಮಾತ್ರ ನೋಡಿದ ವಿಡಿಯೋದ ನಕ್ಷೆಯಿಂದ ಏನನ್ನೂ ನಿರ್ಣಯಿಸಲಾಗದು. ನಾಲ್ಕೈದು ವಿಡಿಯೋಗಳನ್ನು ಏರಿಸಿ, ಅವುಗಳ ಮೊದಲ ವಾಕ್ಯಗಳನ್ನು ಒಂದು ಪುಸ್ತಕದಲ್ಲಿ ಕ್ರಮವಾಗಿ ಬರೆದು, ಪ್ರತಿಯೊಂದರ ಎದುರು ಗೆರೆ ಎಲ್ಲಿ ಇಳಿಯಿತೆಂದು ಗುರುತಿಸುತ್ತ ಬಂದರೆ ಯಾವ ಬಗೆಯ ಪ್ರಶ್ನೆಗೆ ತಮ್ಮ ಪ್ರೇಕ್ಷಕರು ನಿಲ್ಲುತ್ತಾರೆಂಬುದು ತಾಯಿಗೂ ಮಕ್ಕಳಿಗೂ ತಿಳಿದುಬರುತ್ತದೆ.