ವೀಕ್ಷಕರ ಪ್ರಶ್ನೆಗೆ ತಜ್ಞರ ಉತ್ತರವನ್ನು ಜೋಡಿಸುವ ಬಗೆ: ಡ್ಯುಯೆಟ್ ಮತ್ತು ಸ್ಟಿಚ್ ವಿಡಿಯೊಗಳು

ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಗಮನಕ್ಕೆ.

ನಲ್ಲಿಯಿಂದ ಹಾಲಿನಂತೆ ಬೆಳ್ಳಗಿನ ನೀರು ಬಂದಾಗ ಗ್ರಾಮಸ್ಥರು ಅರ್ಜಿ ಬರೆದು ಪಂಚಾಯಿತಿ ಕಚೇರಿಗೆ ಬರುವುದಕ್ಕೆ ಮೊದಲೇ ಲೋಟವನ್ನು ಮೊಬೈಲಿನ ಮುಂದೆ ಹಿಡಿದು, "ಈ ನೀರು ಕುಡಿಯಬಹುದಾ?" ಎಂದು ಕೇಳಿ ವಿಡಿಯೊ ಹಂಚಿರುತ್ತಾರೆ. ಸಂಜೆಯೊಳಗೆ ಅದು ಊರಿನ ಎಲ್ಲ ವಾಟ್ಸಾಪ್ ಗುಂಪುಗಳನ್ನು ತಲುಪಿರುತ್ತದೆ. ಉತ್ತರ ದೊರೆಯದಿದ್ದಲ್ಲಿ ಜನರು ನಲ್ಲಿ ನೀರನ್ನು ಬಿಟ್ಟು, ಪರೀಕ್ಷೆಯೇ ಆಗದ ತೆರೆದ ಬಾವಿಯ ನೀರಿಗೆ ಹೋಗುತ್ತಾರೆ. ವಾಂತಿ ಭೇದಿಯ ಅಪಾಯ ಇರುವುದು ಅಲ್ಲಿಯೇ. ಮರುದಿನ ಸೂಚನಾ ಫಲಕದಲ್ಲಿ ಅಂಟಿಸುವ ಪ್ರಕಟಣೆಯು ಆ ವಿಡಿಯೊವನ್ನು ನೋಡಿದವರನ್ನು ತಲುಪುವುದಿಲ್ಲ. ಪ್ರಶ್ನೆಯ ವಿಡಿಯೊಗೇ ಉತ್ತರವನ್ನು ಬೆಸೆದು ಕಳುಹಿಸುವುದು ಇದಕ್ಕಿರುವ ಉಪಾಯ.

ಡ್ಯುಯೆಟ್ ಎಂದರೆ ಮೂಲ ವಿಡಿಯೊ ಒಂದು ಬದಿಯಲ್ಲಿ, ಉತ್ತರಿಸುವವರ ವಿಡಿಯೊ ಇನ್ನೊಂದು ಬದಿಯಲ್ಲಿ ಏಕಕಾಲಕ್ಕೆ ಓಡುವ ರೂಪ. ಸ್ಟಿಚ್ ಎಂದರೆ ಮೂಲ ವಿಡಿಯೊದ ಕೆಲವೇ ಸೆಕೆಂಡುಗಳ ತುಣುಕು ಮೊದಲು ಬಂದು, ಅದರ ಬೆನ್ನಿಗೆ ಉತ್ತರ ಬರುವ ರೂಪ. ಈ ಎರಡೂ ಹೆಸರುಗಳು ಟಿಕ್‌ಟಾಕ್‌ನಿಂದ ಬಂದವು. ಆ ಆ್ಯಪ್ ಭಾರತದಲ್ಲಿ 2020ರ ಜೂನ್ 29ರಂದು ನಿಷೇಧಗೊಂಡಿತು. ಹೆಸರು ಉಳಿದುಕೊಂಡಿದೆ, ಸೌಲಭ್ಯ ಬೇರೆಡೆ ದೊರೆಯುತ್ತದೆ. ಇನ್‌ಸ್ಟಾಗ್ರಾಮ್ ರೀಲ್ಸ್‌ನಲ್ಲಿ ಅದು `Remix` ಎಂಬ ಆಯ್ಕೆ. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ `Remix` ಒತ್ತಿದಾಗ ಅಕ್ಕಪಕ್ಕದ ರೂಪಕ್ಕೆ `Collab`, ಐದು ಸೆಕೆಂಡಿನವರೆಗಿನ ತುಣುಕಿಗೆ `Cut` ಎಂದು ಕಾಣುತ್ತದೆ. ಆ್ಯಪ್ ನವೀಕರಣವಾದಾಗ ಈ ಹೆಸರುಗಳು ಸ್ವಲ್ಪ ಬದಲಾಗುವುದುಂಟು.

ಯಾವ ಪ್ರಶ್ನೆಗೆ ಯಾವ ರೂಪ ಎಂಬುದನ್ನು ಬೆಳ್ಳಗಿನ ನೀರಿನ ಉದಾಹರಣೆಯಲ್ಲಿಯೇ ನೋಡೋಣ. ಒಬ್ಬ ಮಹಿಳೆ ನಲ್ಲಿಯಿಂದ ಗಾಜಿನ ಲೋಟಕ್ಕೆ ನೀರು ಹಿಡಿದು, ನಲವತ್ತು ಸೆಕೆಂಡು ಅದನ್ನೇ ತೋರಿಸುತ್ತ, ಟ್ಯಾಂಕಿಗೆ ಯಾರೋ ಏನನ್ನೋ ಬೆರೆಸಿದ್ದಾರೆ ಎಂದು ಶಂಕಿಸಿದ್ದಾರೆಂದು ಇಟ್ಟುಕೊಳ್ಳಿ. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿರಬಹುದು. ಮೊದಲನೆಯದು ಗಾಳಿ. ಕೊಳವೆಬಾವಿಯ ನೀರಿನ ಮಟ್ಟ ಇಳಿದು ಪಂಪು ನೀರಿನೊಡನೆ ಗಾಳಿಯನ್ನು ಎಳೆದಾಗ, ಅಥವಾ ಖಾಲಿಯಾಗಿದ್ದ ಪೈಪಿಗೆ ಮತ್ತೆ ನೀರು ಬಿಟ್ಟಾಗ, ಒತ್ತಡದಲ್ಲಿ ಗಾಳಿ ನೀರಿನಲ್ಲಿ ಸೇರಿ, ನಲ್ಲಿಯಿಂದ ಹೊರಬಂದ ಕೂಡಲೇ ಅತಿ ಸಣ್ಣ ಗುಳ್ಳೆಗಳಾಗುತ್ತದೆ. ಗುಳ್ಳೆಗಳು ಮೇಲಕ್ಕೇರುವುದರಿಂದ ಲೋಟ ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬರುತ್ತದೆ. ಸಾಮಾನ್ಯವಾಗಿ ಒಂದೆರಡು ನಿಮಿಷ ಸಾಕು. ಎರಡನೆಯದು ಬ್ಲೀಚಿಂಗ್ ಪುಡಿಯ ಸುಣ್ಣ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಬೇಕು. ನೇರವಾಗಿ ಸುರಿದಲ್ಲಿ ಸುಣ್ಣವೂ ನಲ್ಲಿಗೆ ಬಂದು, ಲೋಟ ಮೇಲಿನಿಂದ ಕೆಳಕ್ಕೆ ತಿಳಿಯಾಗುತ್ತ ತಳದಲ್ಲಿ ಬಿಳಿ ಗಸಿ ಉಳಿಯುತ್ತದೆ. ಮೂರನೆಯದು ನುಣುಪಾದ ಜೇಡಿಮಣ್ಣು. ಇದು ಅರ್ಧ ಗಂಟೆಯಾದರೂ ತಿಳಿಯಾಗದೆ ಕದಡಿಯೇ ಇರಬಹುದು.

ಇಲ್ಲಿ ಡ್ಯುಯೆಟ್ ಸೂಕ್ತ. ಏಕೆಂದರೆ ಸಾಕ್ಷ್ಯವು ಪ್ರಶ್ನೆ ಕೇಳಿದವರ ವಿಡಿಯೊದಲ್ಲಿಯೇ ಇದೆ. ಅವರ ಲೋಟದ ತಳ ಇಪ್ಪತ್ತೈದನೆಯ ಸೆಕೆಂಡಿಗೆ ತಿಳಿಯಾಗತೊಡಗಿದ್ದರೆ ಅದನ್ನು ಅವರೂ ಗಮನಿಸಿರುವುದಿಲ್ಲ, ನೋಡಿದವರೂ ಗಮನಿಸಿರುವುದಿಲ್ಲ. ಪಕ್ಕದ ಚೌಕದಲ್ಲಿ ಅಭಿಯಂತರರು ಅದೇ ಬೀದಿಯ ನಲ್ಲಿಯಿಂದ ಹಿಡಿದ ಲೋಟವನ್ನು ಕಪ್ಪು ಬಟ್ಟೆಯ ಮುಂದಿಟ್ಟು, "ಇವರ ಲೋಟದ ತಳ ನೋಡಿ, ನನ್ನ ಲೋಟದ ತಳವನ್ನೂ ನೋಡಿ" ಎಂದರೆ ಅರ್ಧ ಉತ್ತರ ಅಲ್ಲಿಗೇ ಆಯಿತು. ಮೂಲ ವಿಡಿಯೊ ಮುಗಿಯುವುದರೊಳಗೆ ಹೇಳಬೇಕಾದುದನ್ನು ಹೇಳಿ ಮುಗಿಸಬೇಕು. ಆದುದರಿಂದ ಮೊದಲು ಮೂಲವನ್ನು ಮೂರು ನಾಲ್ಕು ಬಾರಿ ನೋಡಿ, ಯಾವ ಸೆಕೆಂಡಿನಲ್ಲಿ ಏನು ಕಾಣುತ್ತದೆ ಎಂದು ಚೀಟಿಯಲ್ಲಿ ಬರೆದುಕೊಳ್ಳತಕ್ಕದ್ದು. ಧ್ವನಿಮುದ್ರಣಕ್ಕೆ ಮೊದಲು ಮೂಲದ ಧ್ವನಿಯನ್ನು ತಗ್ಗಿಸದಿದ್ದರೆ ಇಬ್ಬರ ಮಾತೂ ಒಂದರ ಮೇಲೊಂದು ಬಿದ್ದು ಯಾವುದೂ ಕೇಳಿಸುವುದಿಲ್ಲ. ಈ ರೂಪದಲ್ಲಿ ಆಗುವ ಅತಿ ಸಾಮಾನ್ಯ ತೊಡಕು ಇದೇ.

ತಜ್ಞರ ಮಾತಿನ ಮಿತಿಯೂ ಅದೇ ವಿಡಿಯೊದಲ್ಲಿ ಇರಬೇಕು. ಲೋಟ ತಳದಿಂದ ತಿಳಿಯಾಯಿತೆಂದರೆ ಬಿಳುಪಿಗೆ ಗಾಳಿ ಕಾರಣ ಎಂದಷ್ಟೇ ಅರ್ಥ. ನೀರಿನಲ್ಲಿ ರೋಗಾಣುಗಳಿಲ್ಲ ಎಂದು ಅರ್ಥವಲ್ಲ. ಆ ಮಾತನ್ನು ಪರೀಕ್ಷೆಯ ನಂತರವೇ ಹೇಳಬೇಕು. ದಿನವೂ ಹೀಗೆಯೇ ಬೆಳ್ಳಗೆ ಬರುತ್ತಿದ್ದಲ್ಲಿ ಕೊಳವೆಬಾವಿಯ ಮಟ್ಟ ಪಂಪಿನವರೆಗೆ ಇಳಿದಿರುವ ಸಂಭವವಿದ್ದು, ನೀರಗಂಟಿಯವರು ಅದನ್ನು ಕೂಡಲೇ ವರದಿ ಮಾಡಬೇಕು. ಗಾಳಿ ಎಳೆಯುವ ಪಂಪು ಹೆಚ್ಚು ದಿನ ಬಾಳುವುದಿಲ್ಲ.

"ನೀರಿಗೆ ಬ್ಲೀಚಿಂಗ್ ವಾಸನೆ ಬರುತ್ತಿದೆ, ಕುಡಿಯಬಹುದಾ?" ಎಂಬ ಪ್ರಶ್ನೆಗಾದರೋ ಸ್ಟಿಚ್ ಸಾಕು. ವಾಸನೆಯನ್ನು ವಿಡಿಯೊ ತೋರಿಸಲಾರದು. ಮೂಲದಿಂದ ಬೇಕಾಗಿರುವುದು ಪ್ರಶ್ನೆಯ ಮಾತು ಮಾತ್ರ. ಆ ತುಣುಕಿನ ನಂತರ, ಅದೇ ನಲ್ಲಿಯ ಬಳಿ ಕ್ಷೇತ್ರ ಪರೀಕ್ಷಾ ಕಿಟ್‌ನ ನಳಿಕೆಯಲ್ಲಿ ನೀರು ತೆಗೆದುಕೊಂಡು ಔಷಧದ ಹನಿ ಹಾಕಿ, ಬಂದ ಬಣ್ಣವನ್ನು ಪಟ್ಟಿಯೊಡನೆ ಹೋಲಿಸಿ ತೋರಿಸಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500ರ ಪ್ರಕಾರ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಬೇರೆ ನೀರಿನ ಮೂಲವಿಲ್ಲದಾಗ 1 ಮಿಲಿಗ್ರಾಂವರೆಗೆ ಒಪ್ಪಬಹುದು. ಅಳತೆ 0.5 ಬಂದಲ್ಲಿ, "ನೀರು ಕುಡಿಯಬಹುದು, ವಾಸನೆ ಸಹಿಸದವರು ಸ್ವಲ್ಪ ಹೊತ್ತು ತೆರೆದ ಪಾತ್ರೆಯಲ್ಲಿಟ್ಟು ಬಳಸಿ" ಎಂದು ಹೇಳಬಹುದು. 1ನ್ನು ಮೀರಿದ್ದರೆ ಪ್ರಮಾಣ ಹೆಚ್ಚಾಗಿದೆ ಎಂದು ನೇರವಾಗಿ ಹೇಳಿ, ಸರಿಪಡಿಸುವ ದಿನವನ್ನೂ ತಿಳಿಸಬೇಕು. ವಾಸನೆ ಬಂದಿತೆಂದು ಗದರಿದರೆ ನೀರಗಂಟಿಯವರು ಬ್ಲೀಚಿಂಗ್ ಹಾಕುವುದನ್ನೇ ನಿಲ್ಲಿಸಿಬಿಡುವುದುಂಟು. ಆದುದರಿಂದ ಅಳತೆಯನ್ನು ತೋರಿಸಿಯೇ ಮಾತನಾಡುವುದು ಒಳಿತು.

ತುಣುಕನ್ನು ಕತ್ತರಿಸುವಲ್ಲಿ ಎಚ್ಚರ ಬೇಕು. "ಮೂರು ದಿನದಿಂದ" ಎಂಬ ಮಾತನ್ನು ಬಿಟ್ಟು "ನೀರು ವಾಸನೆ" ಎಂಬುದನ್ನಷ್ಟೇ ಇಟ್ಟುಕೊಂಡರೆ, ದೂರನ್ನು ಹಗುರ ಮಾಡಿದರೆಂಬ ಆಕ್ಷೇಪ ನ್ಯಾಯವಾಗಿಯೇ ಬರುತ್ತದೆ. ಪ್ರಶ್ನೆ ಐದು ಸೆಕೆಂಡಿನಲ್ಲಿ ಹಿಡಿಸದಿದ್ದಲ್ಲಿ ಉಳಿದ ಭಾಗವನ್ನು ತಜ್ಞರೇ ಓದಿ ಹೇಳಲಿ. ಪ್ರಕಟಿಸುವ ಮುನ್ನ, ಮೂಲವನ್ನು ನೋಡದ ಒಬ್ಬರಿಗೆ ತೋರಿಸಿ "ಇವರು ಕೇಳಿದ್ದೇನು?" ಎಂದು ವಿಚಾರಿಸಿದರೆ ತುಣುಕು ಸರಿಯಿದೆಯೋ ಇಲ್ಲವೋ ತಿಳಿಯುತ್ತದೆ.

`Remix` ಆಯ್ಕೆ ಕಾಣದಿದ್ದಲ್ಲಿ ಮೂಲದವರ ಖಾತೆ ಖಾಸಗಿಯಾಗಿರಬಹುದು ಅಥವಾ ಅವರು ಅದನ್ನು ನಿಲ್ಲಿಸಿರಬಹುದು. ಸ್ಕ್ರೀನ್ ರೆಕಾರ್ಡ್ ಮಾಡಿ ಅದನ್ನು ದಾಟುವುದು ಪಂಚಾಯಿತಿಗೆ ತಕ್ಕುದಲ್ಲ. ಆಯ್ಕೆ ತೆರೆದಿದ್ದರೂ ದೂರುದಾರರಿಗೆ ಫೋನ್ ಮಾಡಿ ಒಪ್ಪಿಗೆ ಪಡೆಯಿರಿ. ಮಕ್ಕಳ ಮುಖ ಕಾಣುತ್ತಿದ್ದರೆ ಆ ವಿಡಿಯೊವನ್ನು ಬಳಸಬೇಡಿ. ಮೂಲವನ್ನು ಅವರು ಅಳಿಸಿದಲ್ಲಿ ಬೆಸೆದ ಉತ್ತರವೂ ಮರೆಯಾಗಬಹುದಾದ್ದರಿಂದ, ತಜ್ಞರ ಭಾಗವನ್ನು ಇನ್ನೊಂದು ಮೊಬೈಲಿನಲ್ಲಿ ಪ್ರತ್ಯೇಕವಾಗಿ ಚಿತ್ರೀಕರಿಸಿ ಇಟ್ಟುಕೊಳ್ಳತಕ್ಕದ್ದು.

ತಜ್ಞರ ಹೆಸರು, ಹುದ್ದೆ, ನೀರು ತೆಗೆದ ಬೀದಿ ಮತ್ತು ದಿನಾಂಕ ಪರದೆಯ ಮೇಲೆ ಅಕ್ಷರಗಳಲ್ಲಿ ಇರಲಿ. ದಿನಾಂಕವಿಲ್ಲದ ಉತ್ತರವನ್ನು ಆರು ತಿಂಗಳ ನಂತರ, ನಿಜವಾಗಿಯೂ ಕೆಟ್ಟ ನೀರು ಬಂದ ದಿನ, ಯಾರಾದರೂ ಮತ್ತೆ ಹಂಚಬಹುದು.