ಅಲಗಿನ ಮೇಲಿನ ಅವಳಿಗಳು

ಹೆಂಕೆಲ್ಸ್ ಚಾಕುಗಳ ಅಲಗಿನ ಮೇಲೆ ಎರಡು ಬಗೆಯ ಗುರುತುಗಳು ಕಾಣುತ್ತವೆ. ಕೆಲವದರ ಮೇಲೆ ಅಕ್ಕಪಕ್ಕ ನಿಂತ ಇಬ್ಬರು, ಕೆಲವದರ ಮೇಲೆ ಒಬ್ಬನೇ. ಎರಡರಲ್ಲೂ ಹೆಂಕೆಲ್ಸ್ ಹೆಸರಿರುವುದರಿಂದ ಎರಡೂ ಒಂದೇ ದರ್ಜೆಯ ಮಾಲು ಎಂದುಕೊಳ್ಳುವವರೇ ಹೆಚ್ಚು. ಜರ್ಮನಿಯಿಂದ ಬಂದ ನೆಂಟರು ಕೊಟ್ಟ ಚಾಕುವಾಗಲಿ, ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದಾಗಲಿ, ಮೊದಲು ನೋಡಬೇಕಾದದ್ದು ಈ ಚಿತ್ರವನ್ನೇ.

ಅವಳಿಗಳ ಗುರುತನ್ನು ಪೀಟರ್ ಹೆಂಕೆಲ್ಸ್ 1731ರ ಜೂನ್ 13ರಂದು ಸೋಲಿಂಗನ್ ಪಟ್ಟಣದ ಚಾಕು ತಯಾರಕರ ಸಂಘದಲ್ಲಿ ನೋಂದಾಯಿಸಿದರು. ಜರ್ಮನ್ ಭಾಷೆಯಲ್ಲಿ ಅವಳಿಗಳಿಗೆ ಇರುವ ‘ಜ್ವಿಲ್ಲಿಂಗ್’ ಎಂಬ ಹೆಸರೇ ಕಂಪನಿಗೂ ಬಂತು. ಒಬ್ಬನೇ ಮನುಷ್ಯನ ಚಿತ್ರ ಅದೇ ಕಂಪನಿಯ ಅಗ್ಗದ ಸಾಲಿನದು. ಆ ಚಾಕುಗಳು ಸ್ಪೇನ್, ಚೀನಾ ಮುಂತಾದ ದೇಶಗಳಲ್ಲಿ ತಯಾರಾಗುತ್ತವೆ. ಅವು ನಕಲಿಯಲ್ಲ, ಆದರೆ ಸೋಲಿಂಗನ್ ಚಾಕುವಿನ ಬೆಲೆ ಕೊಟ್ಟು ಕೊಳ್ಳುವಂಥವೂ ಅಲ್ಲ. ಅವಳಿಗಳಿದ್ದರೂ ‘ಸೋಲಿಂಗನ್’ ಎಂಬ ಪದವನ್ನು ಬೇರೆಯಾಗಿ ಹುಡುಕಬೇಕು. 1938ರಿಂದಲೂ ಈ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಮುಖ್ಯ ತಯಾರಿಕೆಯೆಲ್ಲ ಆ ಪ್ರದೇಶದಲ್ಲೇ ನಡೆದಿದ್ದರೆ ಮಾತ್ರ ಅದನ್ನು ಹಾಕಬಹುದು.

ಹಳೆಯ ಚಾಕುವಿನ ಬರಹ ಸವೆದು ಮಾಸಿರುತ್ತದೆ. ಅಚ್ಚು ಒತ್ತಿ ಮೂಡಿಸಿದ ಗುರುತು ಆಳಕ್ಕೆ ಇಳಿದಿರುತ್ತದೆ. ಕೊರೆದು ಮೂಡಿಸಿದ್ದು ಬಲು ತೆಳು, ಒರಟು ನಾರಿನಿಂದ ವರ್ಷಗಟ್ಟಲೆ ತಿಕ್ಕಿದರೆ ಅಳಿಸಿಹೋಗುತ್ತದೆ. ಅಂಥ ಅಲಗನ್ನು ಒರೆಸಿ, ಅದರ ಮೇಲೆ ಬಾಯಿಯ ಬಿಸಿ ಉಸಿರು ಬಿಡಬೇಕು. ಕೊರೆದ ಜಾಗದಲ್ಲಿ ಮಂಜು ಬೇರೆ ಬಗೆಯಾಗಿ ಕೂರುವುದರಿಂದ ಅಕ್ಷರ ಒಂದು ಗಳಿಗೆ ಎದ್ದು ಕಾಣಬಹುದು. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೂ ಸಾಕು. ಹೊಳಪು ಬರಲೆಂದು ಮರಳು ಕಾಗದ ಹಚ್ಚಿದರೆ ಉಳಿದ ಗುರುತೂ ಹೋಗುತ್ತದೆ.

ಓದಲು ಸಿಕ್ಕಿದ್ದು ‘31021-200’ ಎಂದಿರಲಿ. ಮೊದಲ ಅಂಕಿಗಳು ಮಾದರಿಯವು: ಪ್ರೊಫೆಷನಲ್ ಎಸ್ ಸಾಲಿನ ದೊಡ್ಡ ತರಕಾರಿ ಚಾಕು. ಕೊನೆಯ 200 ಅಲಗಿನ ಉದ್ದ, ಮಿಲಿಮೀಟರಿನಲ್ಲಿ. ಅಳತೆಪಟ್ಟಿ ಇಟ್ಟಾಗ 180 ಬಂದರೆ ಎರಡು ಸಾಧ್ಯತೆ: ಸಾಣೆ ಹಿಡಿದು ಹಿಡಿದು ಅಲಗು ಸವೆದಿದೆ, ಇಲ್ಲವೇ ಮುರಿದ ತುದಿಯನ್ನು ಅರೆದು ಹೊಸದಾಗಿ ಮೊನೆ ಮಾಡಿದ್ದಾರೆ. ಅಂಥದ್ದಕ್ಕೆ ಪೂರ್ತಿ ಬೆಲೆ ಕೊಡಬಾರದು.

ಇನ್ನು ಹಿಡಿ. ಈ ಸಾಲಿನ ಚಾಕುವಿಗೆ ಮೂರು ರಿವೆಟ್‌ಗಳಿವೆ. ಅಲಗಿನ ಉಕ್ಕೇ ಹಿಡಿಯ ತುದಿಯವರೆಗೂ ಹೋಗಿ, ಅದರ ಎರಡೂ ಮಗ್ಗುಲಿಗೆ ಕೂತ ಹಲ್ಲೆಗಳನ್ನು ರಿವೆಟ್‌ಗಳು ಬಿಗಿಯುತ್ತವೆ. ಹಾಗಾಗಿ ಹಿಡಿಯನ್ನು ಮೇಲಿನಿಂದ ನೋಡಿದರೆ ನಡುವೆ ಉಕ್ಕಿನ ಗೆರೆ ಕಾಣಬೇಕು. ಮೂರು ಬೊಟ್ಟುಗಳಿದ್ದೂ ಗೆರೆ ಇಲ್ಲದಿದ್ದರೆ ಆ ಬೊಟ್ಟುಗಳು ಬರಿಯ ಅಲಂಕಾರವಾಗಿರಬಹುದು. ರಿವೆಟ್ ಮೇಲೆ ಉಗುರು ಆಡಿಸಿದಾಗ ಎಲ್ಲೂ ಸಿಕ್ಕಿಕೊಳ್ಳಬಾರದು. ಸಂದು ಬಿಟ್ಟಿದ್ದರೆ ಅಲ್ಲಿ ನೀರು ನಿಂತು ಒಳಗಿನ ಉಕ್ಕು ತುಕ್ಕು ಹಿಡಿಯುತ್ತದೆ. ಹಾಗೆಂದು ರಿವೆಟ್ ಇಲ್ಲದ್ದೆಲ್ಲ ಕಳಪೆಯಲ್ಲ. ಇದೇ ಕಂಪನಿಯ ‘ಫೋರ್ ಸ್ಟಾರ್’ ಸಾಲಿನ ಪ್ಲಾಸ್ಟಿಕ್ ಹಿಡಿಗೆ ಒಂದೂ ರಿವೆಟ್ ಕಾಣುವುದಿಲ್ಲ. ಅದರ ಮೇಲಿನ ಸಂಖ್ಯೆಯೂ ಬೇರೆ, 31071ರಿಂದ ಆರಂಭ. ಆ ಸಂಖ್ಯೆ ಕೊರೆದ ಚಾಕುವಿನ ಹಿಡಿಯಲ್ಲಿ ಮೂರು ರಿವೆಟ್ ಕಂಡರೆ ಅನುಮಾನಿಸಲೇಬೇಕು.

ಉಕ್ಕಿನ ಗುಣವನ್ನು ಮಾತ್ರ ಗುರುತಿನಿಂದ ಓದಲಾಗದು. ಆಯಸ್ಕಾಂತವೂ ಹೇಳುವುದಿಲ್ಲ, ಅಗ್ಗದ ಚಾಕುವಿಗೂ ಅದು ಅಂಟುತ್ತದೆ. ಜರ್ಮನ್ ಅಡುಗೆ ಚಾಕುಗಳಲ್ಲಿ ಸಾಮಾನ್ಯವಾಗಿ ಬಳಸುವ ಉಕ್ಕಿನಲ್ಲಿ ಸುಮಾರು ಅರ್ಧ ಪ್ರತಿಶತ ಇಂಗಾಲ, 15 ಪ್ರತಿಶತದಷ್ಟು ಕ್ರೋಮಿಯಂ ಇರುತ್ತದೆ. ಇಂಗಾಲ ಗಡಸುತನ ಕೊಡುತ್ತದೆ, ಕ್ರೋಮಿಯಂ ತುಕ್ಕು ತಡೆಯುತ್ತದೆ. ಆದರೆ ಒಂದೇ ಉಕ್ಕನ್ನು ಕಾಯಿಸಿ ತಣಿಸುವ ಬಗೆಯಲ್ಲೇ ಒಳ್ಳೆಯದು ಕೆಟ್ಟದ್ದು ಬೇರೆಯಾಗುತ್ತದೆ. ತಣಿದ ಮೇಲೂ ಉಕ್ಕಿನೊಳಗೆ ಒಂದಿಷ್ಟು ಮೆದು ಭಾಗ ಗಟ್ಟಿಯಾಗದೆ ಉಳಿಯುತ್ತದೆ. ಅದನ್ನೂ ಗಟ್ಟಿ ಮಾಡಲು ಜ್ವಿಲ್ಲಿಂಗ್ ಸೊನ್ನೆಗಿಂತ ಬಹಳ ಕೆಳಗಿನ ಚಳಿಗೆ ಅಲಗನ್ನು ಒಡ್ಡುತ್ತದೆ. 1939ರಲ್ಲಿ ಬಂದ ಈ ವಿಧಾನಕ್ಕೆ ‘ಫ್ರಿಯೊಡೂರ್’ ಎಂದು ಹೆಸರು, ಅಲಗಿನ ಮೇಲೂ ಆ ಪದ ಸಿಗಬಹುದು.

ಮನೆಯಲ್ಲಿ ಉಳಿಯುವ ನಂಬುವಂಥ ಪರೀಕ್ಷೆ ಬಳಕೆಯೇ. ಚೆನ್ನಾಗಿ ಸಾಣೆ ಹಿಡಿಸಿ, ಒಂದು ವಾರ ಮರದ ಹಲಗೆಯ ಮೇಲೆ ಈರುಳ್ಳಿ, ಟೊಮೆಟೊ ಹೆಚ್ಚಬೇಕು. ಟೊಮೆಟೊ ಸಿಪ್ಪೆಯ ಮೇಲೆ ಅಲಗು ಜಾರತೊಡಗಿದಾಗ ಅಂಚನ್ನು ದೀಪದ ಕೆಳಗೆ ಹಿಡಿದು ನೋಡಬೇಕು. ಅಂಚು ಒಂದು ಕಡೆಗೆ ಬಾಗಿದ್ದು, ಉಕ್ಕಿನ ಸಾಣೆಕೋಲಿಗೆ ನಾಲ್ಕಾರು ಸಲ ಸವರಿದೊಡನೆ ಹರಿತ ಮರಳಿದರೆ ಅದು ಜರ್ಮನ್ ಚಾಕುವಿನ ಸಹಜ ನಡತೆ. ಸವರಿದ ಮರುದಿನವೇ ಮತ್ತೆ ಮೊಂಡಾದರೆ ಉಕ್ಕು ಮೆದು. ಬಾಗುವ ಬದಲು ಸಣ್ಣ ಸಣ್ಣ ಚೂರು ಎದ್ದಿದ್ದರೆ ಉಕ್ಕು ಅತಿ ಗಡಸಾಗಿರಬಹುದು, ಅಂಚನ್ನು ತೀರ ತೆಳುವಾಗಿ ಹಿಡಿದಿರಬಹುದು, ಅಥವಾ ಯಾರೋ ಅದರಿಂದ ಮೂಳೆ ಕಡಿದಿರಬಹುದು. ಚೂರು ಎದ್ದದ್ದನ್ನು ಕಂಡೊಡನೆ ಉಕ್ಕನ್ನು ಹಳಿಯದೆ, ಇನ್ನೊಮ್ಮೆ ಸಾಣೆ ಹಿಡಿಸಿ ಬರಿಯ ತರಕಾರಿ ಹೆಚ್ಚಿ ನೋಡುವುದು ನ್ಯಾಯ.